ಬಂದವಳಿಗೆ ಮುಬಾರಕ್

2001ರ ಮಳೆಗಾಲ. ನಾವು ದಂಪತಿ ಆಗ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿದ್ದೆವು. ಶಿವಮೊಗ್ಗದ ಗೆಳೆಯನ ಮನೆಯಲ್ಲಿ ಮೂರನೆಯ ಮಗು ಹುಟ್ಟಿದ ಸುದ್ದಿ ಬಂತು. ಊರಿಗೆ ಹೋಗಲು ರಜೆ ಇರಲಿಲ್ಲ. ಟೆಲಿಫೋನ್ ಕಾರ್ಡ್ ಕೊಂಡು ಮಾತನಾಡಿದೆವು. "ಮೂರನೆಯದೂ ಹೆಣ್ಣು ಭಾಯ್" ಎಂದ ಗೆಳೆಯ. "ಇರಲಿ ಬಿಡಿ, ಅಲ್ಲಾಹನು ಮುಂದಿನ ಸಲ ಗಂಡು ಕೊಡಲಿ" ಎಂದೆವು. ಒಳ್ಳೆಯ ಮಾತನ್ನೇ ಆಡಿದೆವೆಂದು ಭಾವಿಸಿದ್ದೆವು. ಅಷ್ಟರಲ್ಲಿ ಬಾಣಂತಿಯ ಕೈಗೆ ಫೋನ್ ಹೋಯಿತು. "ಮುಂದೆ ಬರುವವನಿಗೆ ದುಆ ಮಾಡಿದಿರಿ ಭಾಬಿ. ಬಂದವಳಿಗೆ ಮುಬಾರಕ್ ಹೇಳಲೇ ಇಲ್ಲವಲ್ಲ" ಎಂದರು ಆಕೆ. ಕಾರ್ಡಿನ ನಿಮಿಷಗಳು ಮುಗಿಯುವ ಮೊದಲೇ ನಮ್ಮ ಮಾತು ಮುಗಿದಿತ್ತು.

ಆ ರಾತ್ರಿ ನಾವಿಬ್ಬರೂ ಅದನ್ನೇ ಮಾತನಾಡಿದೆವು. ಖುದ್ದಾಗಿ ಹೋಗಿದ್ದರೆ ಇದೇ ಮಾತು ಇಷ್ಟು ಚುಚ್ಚುತ್ತಿತ್ತೇ? ಹೋಗಿದ್ದರೆ ಮಗುವನ್ನು ಎತ್ತಿಕೊಳ್ಳುತ್ತಿದ್ದೆವು, ಹಣೆಗೆ ಮುತ್ತಿಡುತ್ತಿದ್ದೆವು, ಪುಟ್ಟ ಮುಷ್ಟಿಯಲ್ಲಿ ನೋಟೊಂದನ್ನು ಇಡುತ್ತಿದ್ದೆವು. ಬಾಯಿ ತಪ್ಪಿದರೂ ಕೈ ಅದನ್ನು ಸರಿಪಡಿಸುತ್ತಿತ್ತು. ದೂರದಲ್ಲಿರುವವರಿಂದ ತಲುಪುವುದು ಮಾತು ಮಾತ್ರ. ಆದ್ದರಿಂದ ಅದನ್ನು ತೂಗಿ ಆಡಬೇಕಾಗುತ್ತದೆ.

ಶುಭಾಶಯದ ಮಾತನ್ನು ತೂಗಿ ನೋಡುವುದು ನಮ್ಮ ಪರಂಪರೆಗೆ ಹೊಸತಲ್ಲ. ಇಸ್ಲಾಮ್‌ಗಿಂತ ಮುಂಚಿನ ಅರಬರು ಮದುವೆಯಾದವರಿಗೆ ಹೊಂದಾಣಿಕೆಯನ್ನೂ ಗಂಡುಮಕ್ಕಳನ್ನೂ ಹಾರೈಸುತ್ತಿದ್ದರು. ಹಝ್ರತ್ ಅಕೀಲ್ ಬಿನ್ ಅಬೀ ತಾಲಿಬ್(ರ) ಮದುವೆಯಾದಾಗ ಜನರು ಅದನ್ನೇ ಹೇಳಿದರು. ಅವರು ತಡೆದು, ಪ್ರವಾದಿ(ಸ) ಕಲಿಸಿದಂತೆ ಬರಕತ್ತನ್ನು ಹಾರೈಸಲು ತಿಳಿಸಿದರು. ಗಂಡುಮಕ್ಕಳನ್ನೇ ಹಾರೈಸಿದರೆ, ಮುಂದೆ ಆ ಮನೆಯಲ್ಲಿ ಹುಟ್ಟುವ ಹೆಣ್ಣುಮಗು ಹಾರೈಕೆಯಿಂದ ಮೊದಲೇ ಹೊರಗುಳಿಯುತ್ತದೆ. ಬರಕತ್ತಿನ ಹಾರೈಕೆಯಲ್ಲಿ ಎಲ್ಲರಿಗೂ ಜಾಗವಿದೆ.

ಮಗು ಹುಟ್ಟಿದಾಗಿನ ಶುಭಾಶಯದ ಬಗ್ಗೆಯೂ ಇಂತಹದೊಂದು ಪ್ರಸಂಗವಿದೆ. ಹಸನ್ ಬಸ್ರಿಯವರ ಬಳಿ ಒಬ್ಬನು ಮಗುವಿನ ತಂದೆಗೆ, ಕುದುರೆ ಸವಾರ ಹುಟ್ಟಿದ್ದಕ್ಕೆ ಅಭಿನಂದನೆ ಎಂಬರ್ಥದ ಮಾತಾಡಿದನು. ಅವನು ಕುದುರೆ ಏರುವನೋ ಕತ್ತೆ ಏರುವನೋ ನಿನಗೇನು ಗೊತ್ತು ಎಂದು ಅವರು ಕೇಳಿದರು. ಬಳಿಕ ಅವರು ಕಲಿಸಿದ ಶುಭಾಶಯದಲ್ಲಿ ನಾಲ್ಕು ಸಂಗತಿಗಳಿವೆ: ಸಿಕ್ಕಿದ ಕೊಡುಗೆಯಲ್ಲಿ ಬರಕತ್ ಇರಲಿ, ಕೊಟ್ಟವನಿಗೆ ನೀವು ಕೃತಜ್ಞರಾಗಿರಿ, ಮಗು ಬೆಳೆದು ಪ್ರಾಯಕ್ಕೆ ಬರಲಿ, ಅದರ ಒಳ್ಳೆಯತನ ನಿಮಗೆ ದಕ್ಕಲಿ. ಇದು ಹದೀಸ್ ಅಲ್ಲ, ಒಬ್ಬ ವಿದ್ವಾಂಸರ ಮಾತು. ಆದ್ದರಿಂದ ಅರಬಿ ಪದಗಳೇ ಆಗಬೇಕೆಂದಿಲ್ಲ, ನಮ್ಮ ಭಾಷೆಯಲ್ಲಿಯೂ ಹೇಳಬಹುದು. ಇದರಲ್ಲಿ ಗಂಡು-ಹೆಣ್ಣಿನ ಲೆಕ್ಕವಿಲ್ಲ, "ಮುಂದಿನ ಸಲ" ಎಂಬುದೂ ಇಲ್ಲ. ಎಲ್ಲವೂ ಈಗ ತೊಟ್ಟಿಲಲ್ಲಿರುವ ಮಗುವಿನ ಬಗ್ಗೆಯೇ.

ಏಳನೆಯ ದಿನದ ಅಕೀಕಾಕ್ಕೆ ಎರಡು ದಿನ ಉಳಿದಿತ್ತು. ಪತ್ರ ಅಷ್ಟರಲ್ಲಿ ತಲುಪದು. ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಫೋನ್ ಮಾಡಿದೆವು. ಮೊದಲು ಬಾಣಂತಿಯ ಆರೋಗ್ಯ ವಿಚಾರಿಸಿದೆವು. "ಮೊನ್ನೆ ನಮ್ಮಿಂದ ತಪ್ಪಾಯಿತು ಭಾಬಿ" ಎಂದೆವು. ಮಗುವಿಗೆ ಇಡಲಿರುವ ಹೆಸರನ್ನು ಕೇಳಿ, ಆ ಹೆಸರು ಹಿಡಿದೇ ನಾಲ್ಕೂ ಹಾರೈಕೆಗಳನ್ನು ಹೇಳಿದೆವು. ಬರಲಾಗದ ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆವು. ನೆಪ ಉದ್ದವಾದರೆ ಕೇಳುವವರೇ ನಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಅಕೀಕಾದ ಆಡಿಗೆ ಹಣ ಕಳಿಸುವ ಯೋಚನೆಯೂ ಬಂದಿತ್ತು. ಆದರೆ ಅದು ತಂದೆಯ ಹೊಣೆ. ಆತ ಕೇಳದೆ ನಾವು ಮುಂದಾದರೆ ಅವನ ಕೈಲಾಗದೆಂದು ಹೇಳಿದಂತಾಗುತ್ತಿತ್ತು. ಬದಲಿಗೆ, ಊರಿಗೆ ಹೊರಟಿದ್ದ ಪರಿಚಿತರ ಕೈಯಲ್ಲಿ ಮಗುವಿಗೆ ಬಟ್ಟೆ, ತಾಯಿಗೆ ಖರ್ಜೂರ, ಇಬ್ಬರು ಅಕ್ಕಂದಿರಿಗೆ ಒಂದೊಂದು ಫ್ರಾಕ್ ಕಳಿಸಿದೆವು. ಕೊನೆಯಲ್ಲಿ ಬಾಣಂತಿ, "ಇರಿ, ನಿಮ್ಮ ದನಿಯನ್ನು ಅವಳಿಗೂ ಕೇಳಿಸುತ್ತೇನೆ" ಎಂದು ಫೋನನ್ನು ಮಗುವಿನ ಕಿವಿಯ ಬಳಿ ಹಿಡಿದರು.

ಅದೇ ಮಗುವಿನ ನಿಕಾಹ್ 2024ರಲ್ಲಿ ನಡೆಯಿತು. ನಾವು ಊರಿನಲ್ಲೇ ಇದ್ದೆವು, ಆದರೆ ನಮ್ಮಲ್ಲೊಬ್ಬರ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವೂ ಕಳೆದಿರಲಿಲ್ಲ. ಈ ಸಲವೂ ಹೋಗಲಾಗಲಿಲ್ಲ. ಮೊಬೈಲಿಗೆ ಬಂದಿದ್ದ ಹೂವಿನ ಚಿತ್ರಗಳ ಶುಭಾಶಯವೊಂದನ್ನು ಮುಂದೆ ದಾಟಿಸಲು ಬೆರಳು ಚಾಚಿತ್ತು, ಹಿಂದೆಗೆದೆವು. ಕಾಗದ ತೆಗೆದುಕೊಂಡು ವಧೂವರರಿಬ್ಬರ ಹೆಸರನ್ನೂ ಬರೆದೆವು. ಇಬ್ಬರಿಗೂ ಬರಕತ್ತನ್ನೂ, ಒಳಿತಿನಲ್ಲಿ ಜೊತೆಗಿರುವ ಬಾಳನ್ನೂ ಬೇಡಿದೆವು. ಮಕ್ಕಳ ವಿಷಯ ಎತ್ತಲಿಲ್ಲ. ಪಕ್ಕದ ಮನೆಯವರು ಮದುವೆಗೆ ಹೊರಟಿದ್ದರು, ಅವರ ಕೈಯಲ್ಲಿ ಕೊಟ್ಟೆವು.

ಸಂಜೆ ಮದುಮಗಳ ತಾಯಿಯೇ ಫೋನ್ ಮಾಡಿದರು. "ಓದಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಭಾಬಿ" ಎಂದರು. ಹಿಂದಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.