ಕ್ರಿಯಾಟಿನಿನ್ ಒಂದೇ, ಕಿಡ್ನಿಯ ಅಳತೆ ಬೇರೆ

ಹರಿಹರದ ನಮ್ಮ ಸೋದರಮಾವನಿಗೂ ಪಕ್ಕದ ಮನೆಯ 25ರ ಹುಡುಗನಿಗೂ ಒಂದೇ ವಾರದಲ್ಲಿ ರಕ್ತ ಪರೀಕ್ಷೆಯಾಯಿತು. 1ರ ಸುತ್ತಮುತ್ತ ಇರಬೇಕಾದ ಕ್ರಿಯಾಟಿನಿನ್ ಇಬ್ಬರಿಗೂ 6 ಇತ್ತು. ದಾವಣಗೆರೆಗೆ ಕರೆದುಕೊಂಡು ಹೋಗಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಇಬ್ಬರ ಕಾಯಿಲೆ ಬೇರೆ ಬೇರೆ ಅಂತ ಗೊತ್ತಾಯಿತು.

ಹುಡುಗನ ಕಿಡ್ನಿಗಳು 10 ಸೆಂ.ಮೀ. ಉದ್ದ ಇದ್ದವು. ದೊಡ್ಡವರಿಗೆ 9ರಿಂದ 12 ಸಹಜ. ಅವನಿಗೆ ನಾಲ್ಕು ದಿನ ವಾಂತಿ-ಭೇದಿ ಆಗಿತ್ತು, ಜೊತೆಗೆ ಮೈಕೈ ನೋವಿನ ಮಾತ್ರೆ ನುಂಗಿದ್ದ. ಪೆಟ್ಟು ಹೊಸದು. ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಎರಡು ಸಲ ಡಯಾಲಿಸಿಸ್ ಮಾಡಿದರು. ಮೂರು ವಾರಕ್ಕೆ ಕ್ರಿಯಾಟಿನಿನ್ 1.2ಕ್ಕೆ ಇಳಿಯಿತು.

ಮಾವನ ಎರಡೂ ಕಿಡ್ನಿ ಏಳೂವರೆ ಸೆಂ.ಮೀ. ಮಾತ್ರ. ರಿಪೋರ್ಟಿನಲ್ಲಿ ‘ಎಕೋಜೆನಿಕ್’ ಎಂದಿತ್ತು. ಅಂದರೆ ಸ್ಕ್ಯಾನಿಂಗ್ ಪರದೆಯಲ್ಲಿ ಲಿವರ್‌ಗಿಂತ ಬೆಳ್ಳಗೆ ಕಾಣುತ್ತದೆ. ವರ್ಷಗಟ್ಟಲೆ ಬಿಪಿಯಿಂದ ರಕ್ತ ಸೋಸುವ ಭಾಗ ಸತ್ತು, ಅಲ್ಲಿ ಗಾಯದ ಕಲೆಯಂಥ ನಾರು ಕೂತಿತ್ತು. ಹಾಗೆ ಕುಗ್ಗಿದ ಕಿಡ್ನಿ ಮತ್ತೆ ಬೆಳೆಯುವುದಿಲ್ಲ. “ಅವನಿಗೆ ವಾಸಿಯಾಯ್ತು, ನನಗ್ಯಾಕಿಲ್ಲ?” ಎಂದು ಮಾವ ಕೇಳಿದ್ದಕ್ಕೆ ಉತ್ತರ ಆ ಅಳತೆಯಲ್ಲಿತ್ತು. ಅದು ಅರ್ಥವಾದ ಮೇಲೆ ಅವರು ಬೇರಿನ ಔಷಧಿಗೆ ಅಲೆಯುವುದು ಬಿಟ್ಟು, ಬಿಪಿ ಹಿಡಿತದಲ್ಲಿಟ್ಟುಕೊಂಡು ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡರು.

ಆದರೆ ಅಳತೆಯೊಂದನ್ನೇ ನಂಬುವಂತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಬಹಳ ಹಿಂದೆಯೇ ಕೆಟ್ಟಿದ್ದರೂ ಗಾತ್ರ ಸಹಜವೇ ಇರಬಹುದು. ಕುಗ್ಗಿದ ಕಿಡ್ನಿಗೆ ಭೇದಿಯಿಂದ ಹೊಸ ಪೆಟ್ಟು ಬಿದ್ದಿದ್ದರೆ, ಅಷ್ಟು ಮಟ್ಟಿಗೆ ಚೇತರಿಸಿಕೊಳ್ಳಲೂಬಹುದು. ಹಳೆಯ ರಕ್ತ ಪರೀಕ್ಷೆಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಎಸೆಯಬೇಡಿ. ಹೊಸದೋ ಹಳೆಯದೋ ಎಂದು ಡಾಕ್ಟರು ಗುರುತಿಸುವುದು ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡಿಯೇ.