ಮೀಟರ್ ರೂಮಿನ ಕೀಲಿ ಯಾರ ಹತ್ತಿರ?

ಗೋರೆಗಾಂವ್ ಪಶ್ಚಿಮದ ಜೈ ಭವಾನಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು 2023ರ ಅಕ್ಟೋಬರ್ 6ರ ನಸುಕಿನಲ್ಲಿ, ಮೂರು ಗಂಟೆಯ ಸುಮಾರಿಗೆ. ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಎದ್ದ ಕಟ್ಟಡ ಅದು. ಬೆಂಕಿ ಹತ್ತಿದ್ದು ನೆಲಮಹಡಿಯಲ್ಲಿ, ನಿಲ್ಲಿಸಿದ್ದ ಗಾಡಿಗಳು ಮತ್ತು ಪೇರಿಸಿಟ್ಟಿದ್ದ ಹಳೆ ಬಟ್ಟೆಗಳ ನಡುವೆ. ಮೇಲೆ ಮಲಗಿದ್ದವರಿಗೆ ಎಚ್ಚರವಾಗುವಷ್ಟರಲ್ಲಿ ಹೊಗೆ ಮೆಟ್ಟಿಲಿನ ದಾರಿ ಹಿಡಿದು ಮೇಲೇರಿತ್ತು. ಕನಿಷ್ಠ 7 ಮಂದಿ ಸತ್ತರು, 40ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು.

ಮುಂಬಯಿಯ ರಾತ್ರಿಪಾಳಿಯ ವಾಚ್‌ಮನ್‌ಗೆ ಏನು ಕಲಿಸಬೇಕು ಎಂದು ಕೇಳಿದರೆ ಇಲ್ಲಿಂದಲೇ ಶುರು ಮಾಡಬೇಕು. ಇಂಥ ಕಟ್ಟಡಗಳಲ್ಲಿ ಗಾಡಿ ನಿಲ್ಲಿಸುವ ಜಾಗ, ಮೀಟರ್ ರೂಮು, ಮೆಟ್ಟಿಲಿನ ಬಾಯಿ, ಮೂರೂ ನೆಲಮಹಡಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಆ ಹೊತ್ತಿನಲ್ಲಿ ಅಲ್ಲಿ ಎಚ್ಚರವಿರುವವನು ಅವನೊಬ್ಬನೇ.

ಖಾಸಗಿ ಭದ್ರತಾ ಸಂಸ್ಥೆಗಳ ಕುರಿತ 2005ರ ಕಾನೂನಿನಡಿ ಬಂದ ಕೇಂದ್ರದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಸ್ಥಳ ತರಬೇತಿ ಎಂದು ಹೇಳುತ್ತವೆ. ಬೆಂಕಿ ನಂದಿಸುವುದೂ ಪಾಠಪಟ್ಟಿಯಲ್ಲಿದೆ. ಆದರೆ ತರಗತಿಯಲ್ಲಿ ಕಲಿಯುವುದು ಸಿಲಿಂಡರಿನ ಪಿನ್ ಎಳೆಯುವುದನ್ನು. ತಾನು ಕಾಯುವ ಕಟ್ಟಡದ ಯಾವ ಸ್ವಿಚ್ ಯಾವುದನ್ನು ಆರಿಸುತ್ತದೆ ಎಂಬುದನ್ನು ಅಲ್ಲಿ ಕಲಿಸಲಾಗದು. ಅದನ್ನು ಆ ಕಟ್ಟಡದಲ್ಲೇ, ಹಗಲಿನಲ್ಲಿ, ಎಲೆಕ್ಟ್ರಿಶಿಯನ್ ಪಕ್ಕದಲ್ಲಿ ನಿಂತು ತೋರಿಸಬೇಕು.

ಕಾಂದಿವಲಿಯ ಏಳು ಮಹಡಿಯ ಒಂದು ಸೊಸೈಟಿಯನ್ನು ಊಹಿಸಿಕೊಳ್ಳಿ. ರಾತ್ರಿ ಇಬ್ಬರು ವಾಚ್‌ಮನ್‌ಗಳು. ಒಬ್ಬ ಕಲಬುರಗಿ ಕಡೆಯವನು, ಇನ್ನೊಬ್ಬ ಜೌನ್‌ಪುರದವನು. ಎರಡು ಗಂಟೆಯ ರೌಂಡ್ಸು. ಮೊದಲವನು ಟಾರ್ಚ್ ಹಿಡಿದು ಹೊರಡುತ್ತಾನೆ. ತರಬೇತಿ ಇಲ್ಲದಿದ್ದರೆ ಅವನು ನೋಡುವುದು ಕಳ್ಳನನ್ನು, ಅಂದರೆ ಗೋಡೆ, ಗೇಟು, ಬೀಗ. ತರಬೇತಿ ಇದ್ದರೆ ಮೂಗೂ ಕಿವಿಯೂ ಜೊತೆಗೆ ಹೋಗುತ್ತವೆ. ಸಡಿಲವಾದ ತಂತಿಯ ಜೋಡಣೆ ಉರಿಯುವ ಮೊದಲು ಬಿಸಿಯಾಗುತ್ತದೆ. ಬಿಸಿಯಾದ ಪ್ಲಾಸ್ಟಿಕ್ ವಾಸನೆ ಕೊಡುತ್ತದೆ, ಎಷ್ಟೋ ಸಲ ಅದು ಕೊಳೆತ ಮೀನಿನ ವಾಸನೆಯಂತೆಯೇ ಇರುತ್ತದೆ. ಮುಂಬಯಿಯಲ್ಲಿ ಮೀನಿನ ವಾಸನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬುದೇ ತೊಂದರೆ. ಮೀನೇ ಬೇಯಿಸದ ಮೀಟರ್ ರೂಮಿನಿಂದ ಅದು ಬಂದರೆ ಅನುಮಾನ ಪಡಬೇಕು. ಚಿಟಪಟ ಸದ್ದು, ಫ್ಯೂಸಿನ ಸುತ್ತ ಕಂದು ಕಲೆ, ಬಲ್ಬು ಮಂಕಾಗಿ ಮತ್ತೆ ಬೆಳಗುವುದು, ಇವೂ ಅದೇ ಕಥೆಯ ಸುಳಿವುಗಳು. ಮಳೆಗಾಲದಲ್ಲಿ ಗೋಡೆಯಿಂದ ಬೋರ್ಡಿನ ಮೇಲೆ ಇಳಿಯುವ ನೀರಿನ ಗೆರೆಯನ್ನೂ ನೋಡಬೇಕು. ಮತ್ತೆ ಈಗಿನ ಕಾಲದ್ದೊಂದು: ಕಂಬದ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ರಾತ್ರಿಯಿಡೀ ಚಾರ್ಜಿಗಿಟ್ಟ ಸ್ಕೂಟರ್. ವೈರು ಸುರುಳಿ ಸುತ್ತಿಕೊಂಡಿದ್ದರೆ ಒಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಪ್ಲಗ್ಗಿನ ಹತ್ತಿರ ಅಂಗೈಯ ಹಿಂಬದಿ ಒಯ್ದರೆ ಸಾಕು, ಮುಟ್ಟಬೇಕಾಗಿಲ್ಲ.

ಆ ರಾತ್ರಿ ಮೀಟರ್ ರೂಮಿನ ಬಾಗಿಲ ಸಂದಿನಿಂದ ಹೊಗೆ ಬರುತ್ತಿದೆ ಎನ್ನಿ. ಅವನ ಕೈ ಮೊದಲು ಹೋಗುವುದು ಸಿಲಿಂಡರಿಗೆ. ಅಲ್ಲಿಯೇ ತಪ್ಪು. ಬೆಂಕಿಯ ಜೊತೆ ಎರಡು ನಿಮಿಷ ಒಬ್ಬನೇ ಹೆಣಗಿ ಸೋತರೆ, ಮೆಟ್ಟಿಲು ಹೊಗೆಯಿಂದ ತುಂಬಲು ಆ ಎರಡು ನಿಮಿಷವೇ ಸಾಕು. ಮೊದಲು ಅಲಾರಂ. ಇನ್ನೊಬ್ಬನಿಗೆ ಕೂಗಿ, ಗೋಡೆಯ ಕೆಂಪು ಡಬ್ಬಿ ಒತ್ತಬೇಕು. ಹೂಟರ್ ಕೆಟ್ಟಿದ್ದರೆ ಇಂಟರ್‌ಕಾಂ, ಅದೂ ಇಲ್ಲದಿದ್ದರೆ ಸೀಟಿ ಮತ್ತು ಗಂಟಲು: ‘ಆಗ್ ಲಗೀ ಹೈ’. ಕೇಳುವವರಿಗೆ ಹೇಳಬೇಕಾದ ಮಾತನ್ನೂ ಮೊದಲೇ ಬಾಯಿಪಾಠ ಮಾಡಿಸಿರಬೇಕು. ಮೆಟ್ಟಿಲು ಸ್ವಚ್ಛವಿದ್ದರೆ ಇಳಿಯಿರಿ, ಲಿಫ್ಟ್ ಬೇಡ. ಹೊಗೆ ತುಂಬಿದ್ದರೆ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಲ್ಲಿ. ಬರೀ ‘ಓಡಿ ಓಡಿ’ ಎಂದು ಕೂಗಿದರೆ ಜನ ನೇರ ಹೊಗೆಯೊಳಕ್ಕೇ ಇಳಿಯುತ್ತಾರೆ.

ಇನ್ನೊಬ್ಬ 101ಕ್ಕೆ ಫೋನ್ ಮಾಡುತ್ತಾನೆ. ರಸ್ತೆ, ಹತ್ತಿರದ ಗುರುತು, ಎಷ್ಟು ಮಹಡಿ, ಏನು ಉರಿಯುತ್ತಿದೆ, ಮೇಲೆ ಜನ ಇದ್ದಾರೆಯೇ. ಇಷ್ಟನ್ನು ಗೇಟಿನ ಕ್ಯಾಬಿನ್ನಿನಲ್ಲಿ ಹಿಂದಿ ಅಥವಾ ಮರಾಠಿಯಲ್ಲಿ ಬರೆದು ಅಂಟಿಸಿರಬೇಕು. ಗಾಬರಿಯಲ್ಲಿ ತನ್ನ ಬೀದಿಯ ಹೆಸರೇ ಮರೆತುಹೋಗುತ್ತದೆ, ಅದರಲ್ಲೂ ನಿನ್ನೆ ಡ್ಯೂಟಿಗೆ ಸೇರಿದವನಿಗೆ. ಕರೆಂಟಿನ ಕಂಪನಿಯ ನಂಬರೂ ಅಲ್ಲೇ ಇರಲಿ. ದ್ವೀಪದ ನಗರಭಾಗಕ್ಕೆ ಕರೆಂಟ್ ಕೊಡುವುದು ಬೆಸ್ಟ್, ಉಪನಗರಗಳಿಗೆ ಬೇರೆ ಕಂಪನಿಗಳು. ದಾದರಿನಲ್ಲಿ ಕಲಿತ ನಂಬರು ಕಾಂದಿವಲಿಯಲ್ಲಿ ಉಪಯೋಗಕ್ಕೆ ಬಾರದು.

ಇನ್ನು ಮೇನ್. ಅದನ್ನು ಆರಿಸುವ ಮೊದಲು ಲಿಫ್ಟಿನ ಸೂಚಕ ನೋಡಬೇಕು; ನಡುವೆ ಯಾರಾದರೂ ಸಿಕ್ಕಿಕೊಂಡಾರು. ಬೋರ್ಡಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಒಣ ಚಪ್ಪಲಿ, ಒಣ ಕೈ, ಮುಖ ಆಚೆ ತಿರುಗಿಸಿ, ಒಂದೇ ಕೈಯಿಂದ, ಒಂದೇ ಏಟಿಗೆ ಹಿಡಿಕೆ ಎಳೆಯಬೇಕು. ರೂಮಿನೊಳಗೆ ಹೊಗೆ ದಟ್ಟವಿದ್ದರೆ, ನೀರು ನಿಂತಿದ್ದರೆ ಒಳಗೆ ಹೋಗಲೇಬಾರದು. ಆಗ ಆ ಕೆಲಸ ಅವನದಲ್ಲ, ಕಂಪನಿಯವರದು. ಬೆಂಕಿ ಪಂಪಿನ ಸ್ವಿಚ್ಚಿಗೂ ಕೈ ಹಚ್ಚಬಾರದು. ಅದರ ಲೈನ್ ಬೇರೆಯಾಗಿರಬೇಕು, ಕೆಂಪು ಬಣ್ಣ ಬಳಿದಿರಬೇಕು. ಎಲ್ಲವನ್ನೂ ಆರಿಸಿ ಪಂಪನ್ನೂ ನಿಲ್ಲಿಸಿದರೆ ಮೇಲಿನ ಮಹಡಿಯ ಹೋಸಿನಲ್ಲಿ ನೀರೇ ಬಾರದು.

ಸುಲಭಕ್ಕೆ ಅರ್ಥವಾಗದ ಮಾತು ಇನ್ನೊಂದಿದೆ. ಮೇನ್ ಆರಿಸಿದರೂ ಬೀದಿಯಿಂದ ಬರುವ ಕೇಬಲ್‌ನಲ್ಲಿ, ಮೇನ್‌ಗಿಂತ ಮೊದಲಿನ ಫ್ಯೂಸುಗಳಲ್ಲಿ ಕರೆಂಟ್ ಹಾಗೆಯೇ ಇರುತ್ತದೆ. ಆದ್ದರಿಂದ ಬಕೆಟ್ ನೀರು ಎರಚುವಂತಿಲ್ಲ. ಬೆಂಕಿ ಚಿಕ್ಕದಿದ್ದು, ಬೆನ್ನ ಹಿಂದೆ ಹೊರದಾರಿ ಇದ್ದರೆ ಮಾತ್ರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದು ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ, ಅದರ ಕಪ್ಪು ಕೊಳವೆಯನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಡುತ್ತದೆ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ಉಸಿರೂ ಕಟ್ಟುತ್ತದೆ. ಒಂದು ಸಿಲಿಂಡರಿಗೆ ಆರದಿದ್ದರೆ ಬಾಗಿಲು ಎಳೆದು ಹೊರಗೆ ಬರಬೇಕು. ಆಮೇಲೆ ಬೆಂಕಿ ದಳದ ಗಾಡಿಗೆ ಗೇಟು ತೆರೆಯುವುದು, ದಾರಿಗಡ್ಡವಾದ ಕಾರು ತೆಗೆಸುವುದು.

ಮೇಲೆ ಹೋಗಬಾರದು ಎನ್ನುವುದನ್ನು ಕಲಿಸುವುದೇ ಕಷ್ಟ. 2021ರ ಅಕ್ಟೋಬರ್ 22ರಂದು ಕರಿ ರೋಡಿನ ಅವಿಘ್ನ ಪಾರ್ಕಿನ 19ನೇ ಮಹಡಿಗೆ ಹಾಡಹಗಲೇ ಬೆಂಕಿ ಬಿತ್ತು. ಮೂವತ್ತು ವರ್ಷದ ಕಾವಲುಗಾರನೊಬ್ಬ ಅಲ್ಲಿ ಸಿಕ್ಕಿಬಿದ್ದು, ಬಾಲ್ಕನಿಯ ಅಂಚಿಗೆ ಜೋತು, ಕೈಜಾರಿ ಬಿದ್ದು ಸತ್ತ. ಆ ದೃಶ್ಯ ಎಲ್ಲರ ಫೋನಿನಲ್ಲೂ ಓಡಾಡಿತು. ಅವನ ಧೈರ್ಯವನ್ನು ಹೊಗಳುವವರು ಅವನ ಕೈಗೆ ಉಸಿರಾಟದ ಉಪಕರಣ ಕೊಟ್ಟಿದ್ದರೇ ಎಂದು ಕೇಳಿಕೊಳ್ಳಬೇಕು. ಉಪಕರಣವಿಲ್ಲದವನ ಜಾಗ ಹೊಗೆಯ ಕೆಳಗೆ.

ಇಷ್ಟೆಲ್ಲ ಕಲಿಸಿದರೂ ಕಾಂದಿವಲಿಯ ಆ ವಾಚ್‌ಮನ್ ರಾತ್ರಿ ಎರಡಕ್ಕೆ ಕೆಂಪು ಡಬ್ಬಿಯ ಮುಂದೆ ನಿಂತು ಹಿಂಜರಿಯುತ್ತಾನೆ. ಕಳೆದ ಸಲ ಯಾರದೋ ಅಗರಬತ್ತಿಯ ಹೊಗೆಗೆ ಹೂಟರ್ ಕೂಗಿದಾಗ ನಾಲ್ಕನೇ ಮಹಡಿಯವರು ಇಳಿದು ಬಂದು ಬೈದಿದ್ದರು. ಆಮೇಲೆ ಯಾರೋ ಪ್ಯಾನೆಲ್ಲಿನ ಸದ್ದನ್ನೇ ಅಡಗಿಸಿಟ್ಟಿದ್ದರು. ಕಟ್ಟಡದ ಕರೆಂಟ್ ತೆಗೆದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ. ಹಾಗಾಗಿ ತರಬೇತಿಯ ಅರ್ಧ ಸೊಸೈಟಿಯ ಸೆಕ್ರೆಟರಿಗೆ ಸೇರಬೇಕು. ಸುಳ್ಳು ಅಲಾರಂಗೆ ಶಿಕ್ಷೆಯಿಲ್ಲ, ಹೊಗೆ ಕಂಡರೆ ಯಾರನ್ನೂ ಕೇಳದೆ ಮೇನ್ ತೆಗೆಯಬಹುದು ಎಂದು ಸಹಿ ಹಾಕಿ ಕ್ಯಾಬಿನ್ನಿನ ಗೋಡೆಗೆ ಹಚ್ಚಬೇಕು. ವಾಚ್‌ಮನ್ ಬದಲಾದಾಗಲೆಲ್ಲ, ಮೊದಲ ಡ್ಯೂಟಿಗೆ ಮುಂಚೆ, ಮೀಟರ್ ರೂಮಿಗೆ ಒಂದು ಸುತ್ತು ಕರೆದೊಯ್ಯಬೇಕು.

ಕೀಲಿಯ ವಿಷಯವೂ ಇದೆ. ಕಳ್ಳತನದ ಭಯಕ್ಕೆ ಮೀಟರ್ ರೂಮಿಗೆ ಬೀಗ ಹಾಕಿ, ಕೀಲಿಯನ್ನು ಆರನೇ ಮಹಡಿಯಲ್ಲಿ ಸೆಕ್ರೆಟರಿಯ ಮನೆಯ ಮೊಳೆಗೆ ತೂಗುಹಾಕುವುದುಂಟು. ಒಂದು ಕೀಲಿಯನ್ನು ಕ್ಯಾಬಿನ್ನಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಚಿಕ್ಕ ಸುತ್ತಿಗೆ ತೂಗುಹಾಕಲು ತಗಲುವುದು ಅರ್ಧ ದಿನದ ಕೆಲಸ.