ಮೊಸರಿಗೆ ಬಿಟ್ಟ ನಾಲ್ಕು ಗಂಟೆ

ಭಾನುವಾರ ಮಧ್ಯಾಹ್ನಕ್ಕೆ ಕುಂದಾಪುರದ ಚಿಕನ್ ಘೀ ರೋಸ್ಟ್ ಎಂದರೆ ನನ್ನ ಅಡುಗೆ ಬೆಳಿಗ್ಗೆ ಎಂಟಕ್ಕೇ ಶುರು. ಒಂದು ಕಿಲೊ ಕೋಳಿಯ ತುಂಡುಗಳಿಂದ ನೀರು ಪೂರಾ ಬಸಿದು, ತೊಡೆಗಳಿಗೆ ಚಾಕುವಿನಿಂದ ಎರಡೆರಡು ಗೀರು ಹಾಕುತ್ತೇನೆ. ಒಂದು ಕಪ್ ಗಟ್ಟಿ ಮೊಸರು, ಅರ್ಧ ಚಮಚ ಅರಿಸಿನ, ಒಂದೂವರೆ ಚಮಚ ಉಪ್ಪು ಸೇರಿಸಿ ಕೈಯಿಂದಲೇ ಕಲಸುತ್ತೇನೆ. ಮೊದಲು ಕೈಯಿಂದ ಜಾರುವ ತುಂಡುಗಳು ಐದು ನಿಮಿಷದಲ್ಲಿ ಮೊಸರನ್ನು ಮೈಗೆ ಹಚ್ಚಿಕೊಂಡು ಸುಮ್ಮನಾಗುತ್ತವೆ. ಆಮೇಲೆ ಮುಚ್ಚಿ ಫ್ರಿಜ್ಜಿಗೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗಿಡುವ ಮಾತೇ ಇಲ್ಲ.

ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ಮಾಂಸದ ಪ್ರೋಟೀನುಗಳು ಸುರುಳಿ ಸುತ್ತಿಕೊಂಡು ಒತ್ತಾಗಿರುತ್ತವೆ. ಹುಳಿ ತಾಗಿದಾಗ ಆ ಸುರುಳಿ ನಿಧಾನಕ್ಕೆ ಸಡಿಲವಾಗುತ್ತದೆ. ನಿಧಾನ ಎನ್ನುವುದೇ ಇಲ್ಲಿ ಮುಖ್ಯ. ಪಿಎಚ್ ಲೆಕ್ಕದಲ್ಲಿ ಮೊಸರು ಸುಮಾರು 4.5, ನಿಂಬೆರಸ 2ರ ಆಸುಪಾಸು. ಈ ಅಳತೆಯಲ್ಲಿ ಒಂದಂಕಿ ಇಳಿದರೆ ಹುಳಿಯ ತೀಕ್ಷ್ಣತೆ ಹತ್ತು ಪಟ್ಟು ಏರುತ್ತದೆ. ಹಾಗಾಗಿ ಬರೀ ನಿಂಬೆರಸದಲ್ಲಿ ಗಂಟೆಗಟ್ಟಲೆ ಬಿಟ್ಟ ಮಾಂಸದ ಮೈ ಬಿಳಿಚಿಕೊಳ್ಳುತ್ತದೆ. ಮೊಸರಿನ ಹುಳಿ ಅಷ್ಟು ಅವಸರ ಮಾಡುವುದಿಲ್ಲ.

ಆದರೆ ಅದಕ್ಕೂ ಮಿತಿಯಿದೆ. ಹುಳಿ ಮಾಂಸದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಎಲುಬಿನವರೆಗೂ ಹೋಗುವ ಶಕ್ತಿ ಇರುವುದು ಉಪ್ಪಿಗೆ. ಹುಳಿಯೂ ಒಳಗೆ ತಲುಪಲಿ ಎಂದೇ ಗೀರು ಹಾಕುವುದು. ಒಮ್ಮೆ ಮೂರು ದಿನದ ಹುಳಿ ಮೊಸರಿಗೆ ಇಡೀ ನಿಂಬೆಹಣ್ಣು ಹಿಂಡಿ, ರಾತ್ರಿ ಇಟ್ಟ ಕೋಳಿಯನ್ನು ಮರುದಿನ ಸಂಜೆ ಒಲೆಗೇರಿಸಿದೆ. ಹೊರಪದರ ನೆನೆದ ಹಿಟ್ಟಿನಂತೆ ಸೌಟಿಗೆ ಅಂಟಿ ಬಂತು, ಒಳಗಿನ ಮಾಂಸ ಎಂದಿನಂತೆಯೇ ಇತ್ತು. ಹೆಚ್ಚು ಹೊತ್ತು ಬಿಟ್ಟರೆ ಹುಳಿ ಆಳಕ್ಕಿಳಿಯುವುದಿಲ್ಲ, ಮೇಲ್ಮೈಯನ್ನೇ ಕೆಡಿಸುತ್ತದೆ ಎಂದು ಅಂದು ತಿಳಿಯಿತು.

ಈಗ ಕೋಳಿಗೆ ನಾಲ್ಕು ಗಂಟೆ ಸಾಕು. ರಾತ್ರಿಯಿಡೀ ಇಡಬೇಕಾದರೆ ಹುಳಿಯಾಗದ ತಾಜಾ ಮೊಸರು ಹಾಕುತ್ತೇನೆ, ನಿಂಬೆಯನ್ನು ಅಡುಗೆಯ ಕೊನೆಗೆ ಹಿಂಡುತ್ತೇನೆ. ಮೀನಿಗೆ ಅರ್ಧ ಗಂಟೆ ದಾಟಿಸುವುದಿಲ್ಲ. ಕುರಿ ಮಾಂಸವನ್ನು ರಾತ್ರಿಯಿಡೀ ಬಿಡಬಹುದು. ಆದರೆ ಅದರ ನಾರು ಕರಗುವುದು ಸಣ್ಣ ಉರಿಯಲ್ಲಿ ಬೇಯುವಾಗ, ಮೊಸರಿನಿಂದಲ್ಲ. ಒಲೆಗಿಡುವ ಮುನ್ನ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮಾಂಸ ಮೆತ್ತಗೆ ತಗ್ಗಿ ಮತ್ತೆ ಮೇಲೆದ್ದರೆ ಹದ ಸರಿ. ಬೆರಳಿನ ಗುರುತು ಹಾಗೇ ಉಳಿದರೆ ಹೊತ್ತು ಮೀರಿದೆ.

ಹನ್ನೆರಡಕ್ಕೆ ಕೋಳಿಯನ್ನು ಅದೇ ಮೊಸರಿನ ಸಮೇತ ಬಾಣಲೆಗೆ ಹಾಕಿ ಬೇಯಿಸುತ್ತೇನೆ. ಪಕ್ಕದ ಒಲೆಯಲ್ಲಿ ಬ್ಯಾಡಗಿ ಮೆಣಸಿನ ಮಸಾಲೆ ತುಪ್ಪದಲ್ಲಿ ಹುರಿಯುತ್ತಿರುತ್ತದೆ. ಎರಡೂ ಸೇರಿ ನೀರು ಆರುತ್ತಾ ಬಂದಂತೆ ಬೆಳಿಗ್ಗೆ ಹಾಕಿದ ಗೀರುಗಳು ಬಾಯಿ ತೆರೆದು ಕೆಂಪು ಮಸಾಲೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ತಟ್ಟೆಯಲ್ಲಿ ತೊಡೆಯ ತುಂಡು ಎರಡು ಬೆರಳಿಗೇ ಆ ಗೀರಿನಗುಂಟ ಬಿಟ್ಟುಕೊಳ್ಳುತ್ತದೆ. ಎಲುಬಿನ ಪಕ್ಕದ ಮಾಂಸಕ್ಕೂ ಉಪ್ಪು ಹಿಡಿದಿರುತ್ತದೆ.